ಹಳೇ ಪುಸ್ತಕದ ಅಂಚಿನ ಟಿಪ್ಪಣಿ: ನನ್ನ ಕತೆಯ ಕೊನೆ ಯಾಕೆ ನಿಲ್ತಾ ಇಲ್ಲ?

ಮೂಲೆಮನೆ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣಕತೆ ಬರೆದಿದ್ದೇನೆ. ಮೂರು ಸಲ ತಿದ್ದಿದ್ದೂ ಆಯ್ತು. ಇಬ್ಬರು ಗೆಳತಿಯರಿಗೆ ಓದಲು ಕೊಟ್ಟೆ. ಇಬ್ಬರೂ "ಚೆನ್ನಾಗಿದೆ ಕಣೇ" ಅಂದರು, ಆಮೇಲೆ ಊಟದ ಮಾತಿಗೆ ಹೋದರು. ಅಲ್ಲಿಗೆ ಗೊತ್ತಾಯ್ತು, ಏನೋ ಸರಿಯಿಲ್ಲ. ಕೊನೆ ಸೋತಿದೆ ಅಂತ ನನಗೇ ಅನ್ನಿಸುತ್ತೆ. ಯಾಕೆ ಅಂತ ಮಾತ್ರ ಹೊಳೀತಿಲ್ಲ. ಕತೆ ಕೆಳಗಿದೆ.

*ಅಂಚು*

ಚೈತ್ರಾ ಆ ಪುಸ್ತಕ ಕೊಂಡಿದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ. ಬೇಂದ್ರೆಯವರ ಕವನ ಸಂಕಲನ. ಹಸಿರು ಬಣ್ಣದ ಗಟ್ಟಿ ರಟ್ಟು. ಒಳಗೆ ಯಾವುದೋ ಲೈಬ್ರರಿಯ ಮುದ್ರೆ, ಅದರ ಮೇಲೆ ಅಡ್ಡಲಾಗಿ 'ರದ್ದು' ಅನ್ನುವ ಇನ್ನೊಂದು ಮುದ್ರೆ. ಅಂಗಡಿಯವನು ಎಪ್ಪತ್ತು ಅಂದ. ಇವಳು ನಲವತ್ತಕ್ಕೆ ಇಳಿಸಿದಳು. ಉಳಿದ ಮೂವತ್ತಕ್ಕೆ ಮಸಾಲೆ ಪುರಿ ತಿಂದಳು.

ಅವಳ ಊರು ಮದ್ದೂರಿನ ಹತ್ತಿರ. ಬಿ.ಎ. ಎರಡನೇ ವರ್ಷ. ಸೋಮವಾರ ಅವಳ ಸೆಮಿನಾರ್ ಇತ್ತು. ಪದ್ಯ 'ನೀ ಹೀಂಗ ನೋಡಬ್ಯಾಡ ನನ್ನ'. ಈ ಹಾಡನ್ನು ಅವಳು ಹೈಸ್ಕೂಲಿನಿಂದ ಹಾಡುತ್ತಾ ಬಂದವಳು. ಹೋದ ವರ್ಷ ಕಾಲೇಜ್ ಡೇ ದಿನ, ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬನನ್ನು ನೋಡಿಕೊಂಡೇ ಹಾಡಿದ್ದಳು. ಅವನೂ ನೋಡಿದ್ದ. ಹಾಡು ಮುಗಿದಾಗ ಗೆಳತಿಯರು ಸಿಳ್ಳೆ ಹೊಡೆದಿದ್ದರು.

ರಾತ್ರಿ ಹಾಸ್ಟೆಲಿನಲ್ಲಿ ಪುಟ ತೆರೆದಳು. ಪದ್ಯದ ಪಕ್ಕದಲ್ಲಿ ಯಾರೋ ಬರೆದಿದ್ದರು: "ಇದು ಪ್ರೇಮಗೀತೆ ಅಲ್ಲ. ಕವಿಯ ಮಗು ತೀರಿಕೊಂಡಾಗ, ಹೆಂಡತಿಯ ಮುಖ ನೋಡಲಾರದೆ ಬರೆದದ್ದು. ಹಾಡುವವರೆಲ್ಲ ಇದನ್ನು ತಿಳಿದು ಹಾಡಬೇಕು. ನನ್ನ ಮಗುವೂ ಹೀಗೇ ಹೋಯಿತು. 12-8-1979."

ಚೈತ್ರಾಳ ಕೈ ನಡುಗಿತು. ಕಣ್ಣೀರು ಪುಟದ ಮೇಲೆ ಬಿತ್ತು. ಯಾರೋ ಅಪರಿಚಿತರು ತನ್ನ ಕೈ ಹಿಡಿದ ಹಾಗೆ ಆಯಿತು. ಸೋಮವಾರ ಅವಳು ಪದ್ಯ ಓದಿದಾಗ ಇಡೀ ತರಗತಿ ಅತ್ತಿತು. ಅವಳು ಆ ಹಾಡನ್ನು ಮತ್ತೆಂದೂ ಹಿಂದಿನಂತೆ ಹಾಡಲಿಲ್ಲ.

ಇಷ್ಟೇ. ದಾಕ್ಷಿಣ್ಯ ಬೇಡ, ಹೇಳಿ.

ಸಂಜೆಬಸ್ಸು

ಮೇಡಂ, ಆ ಪುಸ್ತಕ ನಿಮ್ಮ ಹತ್ತಿರ ಇನ್ನೂ ಇದೆಯಾ? ಅಂಚಿನ ಪುಟದ ಫೋಟೋ ಹಾಕ್ತೀರಾ? ಅವೆನ್ಯೂ ರಸ್ತೆಯಲ್ಲಿ ಯಾವ ಕಡೆಯ ಅಂಗಡಿ?

ನನಗೂ ಒಂದು ಸಲ ಹೀಗೇ ಆಗಿತ್ತು. ಹಳೇ ಪುಸ್ತಕ ಕೊಂಡೆ, ಹಳೆಗನ್ನಡ ಕಾವ್ಯದ ಭಾಗ. ಪುಟ ಪುಟದಲ್ಲೂ ಪೆನ್ಸಿಲ್ ಬರಹ. ನಿಧಿ ಸಿಕ್ಕಿತು ಅಂದುಕೊಂಡು ಮನೆಗೆ ಬಂದು ಓದಿದರೆ ಬರೀ "ವಿ. ಇಂಪ್.", "5 ಮಾರ್ಕ್ಸ್", "ಸಂದರ್ಭ ಸಹಿತ". ಒಂದು ಕಡೆ ಮಾತ್ರ "ಈ ಸರ್ ತುಂಬಾ ಬೋರ್" ಅಂತ ಇತ್ತು. ನನ್ನ ಓದಿನಲ್ಲಿ ಏನೂ ಬದಲಾವಣೆ ಆಗಲಿಲ್ಲ.

ಮೂಲೆಮನೆ

ಅಯ್ಯೋ, ಅದು ಕತೆ. ಪುಸ್ತಕ ಇಲ್ಲ, ಚೈತ್ರಾ ಇಲ್ಲ, ಮಸಾಲೆ ಪುರಿ ಮಾತ್ರ ನಿಜ.

ಚಹಾಪುಡಿ

ನೇರವಾಗಿ ಹೇಳ್ತೇನೆ. ನಿಮ್ಮ ಗುಟ್ಟು ಗುಟ್ಟೇ ಅಲ್ಲ. ಈ ಹಾಡಿನ ಹಿಂದೆ ಮಗುವಿನ ಸಾವಿದೆ ಅನ್ನೋದು ಈಗ ಯಾರಿಗೆ ಗೊತ್ತಿಲ್ಲ? ಯಾವುದೇ ಭಾವಗೀತೆ ಕಾರ್ಯಕ್ರಮಕ್ಕೆ ಹೋಗಿ. ನಿರೂಪಕರು ಹಾಡಿಗೆ ಮೊದಲು ಮೈಕ್ ಹಿಡಿದು, ದನಿ ಇಳಿಸಿ, "ಇದು ಪ್ರೇಮಗೀತೆ ಅಂತ ಅನೇಕರು ತಿಳಿದಿದ್ದಾರೆ, ಆದರೆ..." ಅಂತ ಶುರು ಮಾಡ್ತಾರೆ. ಸಭೆ ಉಸ್ಸೆನ್ನುತ್ತೆ. ಬಿ.ಎ. ಕನ್ನಡ ಓದುವ, ಹೈಸ್ಕೂಲಿನಿಂದ ಇದನ್ನು ಹಾಡುವ ಹುಡುಗಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ. ಓದುಗನಿಗೆ ಎರಡನೇ ಪ್ಯಾರಾದಲ್ಲೇ ಕೊನೆ ಗೊತ್ತಾಗುತ್ತೆ.

ಇಡೀ ತರಗತಿ ಅತ್ತಿತು ಅನ್ನೋದನ್ನಂತೂ ತೆಗೆದುಬಿಡಿ. ನಾನು ಮೂರು ವರ್ಷ ಡಿಗ್ರಿ ಓದಿದೆ. ಸೆಮಿನಾರಿನಲ್ಲಿ ಯಾರೂ ಅತ್ತಿದ್ದು ನೋಡಿಲ್ಲ, ಸೆಮಿನಾರ್ ಕೊಡುವವರನ್ನು ಬಿಟ್ಟು.

ಗುಜರಿಗಣಪ

ನಾನು ಹಳೇ ಪುಸ್ತಕದ ವ್ಯಾಪಾರ ಮಾಡ್ತೇನೆ. ಕತೆ ಬರೆಯೋದು ಗೊತ್ತಿಲ್ಲ, ಅಂಚು ಗೊತ್ತು. ನಿಮ್ಮ ಟಿಪ್ಪಣಿ ಅಂಚಿನಲ್ಲಿ ಹಿಡಿಸಲ್ಲ ಮೇಡಂ.

ಹಳೇ ಕವನ ಸಂಕಲನಗಳು ಹೆಚ್ಚಾಗಿ ಕ್ರೌನ್ 1/8, ಇಲ್ಲ ಡೆಮಿ 1/8 ಅಳತೆಯ ಸಣ್ಣ ಪುಸ್ತಕಗಳು. ಪದ್ಯದ ಸಾಲು ಗಿಡ್ಡ ಇದ್ದರೆ ಬಲಗಡೆ ಜಾಗ ಇರುತ್ತೆ, ನಿಜ. ಆದರೆ ಈ ಪದ್ಯದ ಸಾಲುಗಳು ಉದ್ದ. ಬಲಗಡೆ ಒಂದು ಬೆರಳಗಲ ಸಿಕ್ಕರೆ ಪುಣ್ಯ. ಅಲ್ಲಿ ಎರಡು ಪದ, ಹೆಚ್ಚೆಂದರೆ ಮೂರು ಪದ ಬರೆಯಬಹುದು. ನೀವು ಬರೆದಷ್ಟು ಬರೆಯೋರು ಅಂಚಿಗೆ ಹೋಗಲ್ಲ, ಹಿಂದಿನ ಖಾಲಿ ಹಾಳೆಗೆ ಹೋಗ್ತಾರೆ. ಇಲ್ಲ ಚೀಟಿ ಬರೆದು ಒಳಗೆ ಇಡ್ತಾರೆ. ದಿನಾಂಕ ಹಾಕೋರೂ ಮೊದಲ ಹಾಳೆಯಲ್ಲಿ ಹೆಸರಿನ ಜೊತೆ ಹಾಕ್ತಾರೆ. ಅಂಚಿನಲ್ಲಿ ತಾರೀಕು ಹಾಕಿದ್ದು ನಾನು ನೋಡಿದ್ದು ಕಡಿಮೆ.

ಇನ್ನೊಂದು ವಿಷಯ. ಲೈಬ್ರರಿ ಪುಸ್ತಕ ಅಂದಿರಿ, ಗಟ್ಟಿ ರಟ್ಟು ಅಂದಿರಿ. ಅಂದರೆ ಮತ್ತೆ ಬೈಂಡ್ ಆಗಿದೆ. ಬೈಂಡಿಂಗ್ ಮಾಡುವಾಗ ಮೂರು ಕಡೆ ಕಟಿಂಗ್ ಹೊಡೀತಾರೆ, ಹಾಳೆ ಸಮ ಆಗಲಿ ಅಂತ. ಆಗ ಅಂಚಿನ ಬರಹದ ಕೊನೆಯ ಒಂದೆರಡು ಅಕ್ಷರ ಹೋಗುತ್ತೆ. ನನ್ನ ಹತ್ತಿರ ಬರುವ ಲೈಬ್ರರಿ ಪುಸ್ತಕಗಳಲ್ಲಿ ಇದು ಮಾಮೂಲು. "ಚೆನ್ನಾ" ಅಂತ ಇರುತ್ತೆ, "ಗಿದೆ" ಬೈಂಡರ್ ಅಂಗಡಿಯ ಕಸದಲ್ಲಿ ಇರುತ್ತೆ. ನಿಮ್ಮ ಟಿಪ್ಪಣಿ ಬೈಂಡಿಂಗಿಗಿಂತ ಮೊದಲಿನದೋ ಆಮೇಲಿನದೋ, ಅದನ್ನು ಮೊದಲು ತೀರ್ಮಾನ ಮಾಡಿ.

ಕಣ್ಣೀರು ಪುಟದ ಮೇಲೆ ಬಿದ್ದರೆ ಪೆನ್ಸಿಲಿಗೆ ಏನೂ ಆಗಲ್ಲ. ಫೌಂಟನ್ ಪೆನ್ನಿನ ಶಾಯಿ ಆದರೆ ಹರಡುತ್ತೆ. ಬಾಲ್‌ಪೆನ್ ಆದರೆ ಹಿಂದಿನ ಪುಟದಲ್ಲಿ ಬೆರಳಿಟ್ಟರೆ ಉಬ್ಬು ಸಿಗುತ್ತೆ. ಹಳೇ ಪೆನ್ಸಿಲ್ ಬರಹ ನೇರವಾಗಿ ನೋಡಿದರೆ ಕಾಣೋದೇ ಕಷ್ಟ. ಪುಸ್ತಕ ಓರೆ ಮಾಡಿ ದೀಪಕ್ಕೆ ಹಿಡಿದರೆ ಮಿಂಚುತ್ತೆ. ನಾವು ಗಿರಾಕಿಗೆ ತೋರಿಸುವ ಮೊದಲು ಹಾಗೇ ನೋಡೋದು. ಶಾಯಿಯ ಬರಹ ಇದ್ದರೆ ಬೆಲೆ ಇಳೀತದೆ, ಪೆನ್ಸಿಲ್ ಆದರೆ ರಬ್ಬರ್ ಇದೆಯಲ್ಲ.

ಮೂಲೆಮನೆ

ಗಣಪಣ್ಣ, ದಯವಿಟ್ಟು ರಬ್ಬರ್ ಹಾಕಬೇಡಿ!

ಚಹಾಪುಡಿಯವರ ಮಾತು ಚುಚ್ಚಿತು, ಆದರೆ ಸರಿ. ಗುಟ್ಟು ಹಳತಾಗಿದೆ. ಹಾಗಾದರೆ ಬೇರೆ ಪದ್ಯ ಹುಡುಕಬೇಕಾ?

ರಾಗಿಮುದ್ದೆ82

ಪದ್ಯ ಬದಲಿಸಬೇಡಿ. ನನ್ನ ಹತ್ತಿರ ಒಳ್ಳೇ ಐಡಿಯಾ ಇದೆ. ಈ ಪದ್ಯದಲ್ಲಿ "ದಾರೀಲೆ ನೆನೆದ ಕೈ ಹಿಡಿದೆ ನೀನು" ಅಂತ ಒಂದು ಸಾಲು ಬರುತ್ತೆ. ಅಂದರೆ ದಾರಿಯಲ್ಲಿ ಮಳೆಗೆ ನೆನೆದುಕೊಂಡು ಬಂದಿದ್ದಾನೆ. ಗಂಡ ಎಲ್ಲಿಂದಲೋ ಮನೆಗೆ ಓಡಿ ಬರ್ತಿದ್ದಾನೆ, ಮಗುವಿಗೆ ಹುಷಾರಿಲ್ಲ ಅಂತ ಸುದ್ದಿ ಬಂದಿದೆ. ಅವನು ಬರೋದು ತಡ ಆಗಿದೆ. ಅದಕ್ಕೇ ಅವಳು ಹಾಗೆ ನೋಡ್ತಾಳೆ. ಈ ಪಾಯಿಂಟನ್ನು ಟಿಪ್ಪಣಿಯಲ್ಲಿ ಹಾಕಿ. ಇದು ಯಾರೂ ಹೇಳಿಲ್ಲ.

ಕೆಲಗೇರಿಮಾಸ್ತರ

ಯಾರೂ ಹೇಳಿಲ್ಲ, ಯಾಕಂದ್ರ ಅದು ಹಂಗಿಲ್ಲ ನೋಡ್ರಿ!

ನಾನು ಧಾರವಾಡದ ಕಡೆಯವನು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಆ ಪದ 'ದಾರಿ' ಅಲ್ಲ, 'ಧಾರಿ'. ಮದುವೆಯಲ್ಲಿ ಧಾರೆ ಎರೀತಾರಲ್ಲ, ಆ ಧಾರೆ. ನಮ್ಮ ಕಡೆ 'ಲೆ' ಹಚ್ಚಿದರೆ 'ಇಂದ' ಅಂತ ಅರ್ಥ. ಕೈಲೆ ಉಂಡೆ, ಕಣ್ಣಲೆ ನೋಡಿದೆ ಅಂತೀವಿ. ಧಾರೀಲೆ ನೆನೆದ ಕೈ ಅಂದರೆ ಧಾರೆಯ ನೀರಿನಿಂದ ನೆನೆದ ಕೈ. ಮದುವೆಯ ದಿನ ಹಿಡಿದ ಕೈ ಅದು. ತಣ್ಣಗಿದೆ ಅಂತ ತಿಳಿದು ಹಿಡಿದಳು, ನೋಡಿದರೆ ಬೂದಿ ಮುಚ್ಚಿದ ಕೆಂಡ, ಆದರೂ ಬಿಡ್ತಾ ಇಲ್ಲ ಅಂತ ಮುಂದೆ ಬರುತ್ತದೆ. ಮಳೆ, ರಸ್ತೆ ಏನೂ ಇಲ್ಲ ಆ ಸಾಲಿನಲ್ಲಿ. ಒಂದು ಮಹಾಪ್ರಾಣ ಬಿಟ್ಟುಹೋದರೆ ಮದುವೆ ಹೋಗಿ ರಸ್ತೆ ಬಂತು.

ಆದರೆ ನಿಮ್ಮ ಮೇಲೆ ಸಿಟ್ಟಿಲ್ಲ. ಹಾಡಿನಲ್ಲಿ ಕೇಳಿದವರಿಗೆ ಹಾಗೇ ಕೇಳಿಸುತ್ತದೆ. ಇಂಥ ತಪ್ಪು ಚೈತ್ರಾಗೂ ಆಗಬಹುದು, ಮದ್ದೂರಿನ ಹುಡುಗಿ.

ಈಗ ತಂಗಿ ಮೂಲೆಮನೆಗೆ. ಪದ್ಯ ಬದಲಿಸೋದು ಬೇಡ. ಟಿಪ್ಪಣಿ ಬದಲಿಸಿ. ನಿಮ್ಮ ಟಿಪ್ಪಣಿ ಪದ್ಯದ ಹೊರಗಿನ ಸುದ್ದಿ ಹೇಳುತ್ತದೆ. ಸುದ್ದಿ ತಿಳಿದ ಮೇಲೆ ಹುಡುಗಿ ಪದ್ಯವನ್ನು ಮತ್ತೆ ಓದುವ ಅಗತ್ಯವೇ ಬೀಳಲ್ಲ. ಅವಳು ಅತ್ತಿದ್ದು ಸುದ್ದಿಗೆ. ಪದ್ಯದಲ್ಲೇ ಕೂಸು ಇದೆ ಅನ್ನೋದನ್ನು ಅವಳು ನೋಡಲೇ ಇಲ್ಲ. ಎರಡು ಸಾಲು ಹೇಳ್ತೀನಿ:

ಮಲಗಿರುವ ಕೂಸು ಮಲಗಿರಲಿ ಅಲ್ಲೆ ಮುಂದಿನದು ದೇವರ ಚಿತ್ತ
ನಾ ತಡೀಲಾರೆ ಅದು ಯಾಕ ನೋಡತೀ ಮತ್ತ ಮತ್ತ ಇತ್ತ

ಇದನ್ನು ಜೋರಾಗಿ ಓದಿ. ಎರಡನೇ ಸಾಲಿನಲ್ಲಿ ಎಲ್ಲಿ ಉಸಿರು ತಗೋತೀರಿ?

'ತಡೀಲಾರೆ' ಆದ ಮೇಲೆ ತಗೊಂಡರೆ ಹೀಗಾಗುತ್ತದೆ: ನಾ ತಡೀಲಾರೆ. ಅದು ಯಾಕ ನೋಡತೀ ಮತ್ತ ಮತ್ತ ಇತ್ತ? ಇಲ್ಲಿ ತಡೀಲಾರೆ ಅಂದರೆ ತಾಳಲಾರೆ. ನಿನ್ನ ನೋಟ ನನ್ನಿಂದ ಸಹಿಸೋಕಾಗಲ್ಲ, ಅದ್ಯಾಕೆ ಹಾಗೆ ನೋಡ್ತೀ ಅಂತ. ಹೆಚ್ಚಿನವರು ಹೀಗೇ ತಿಳಿದಿರೋದು.

'ಅದು' ಆದ ಮೇಲೆ ಉಸಿರು ತಗೊಳ್ಳಿ: ನಾ ತಡೀಲಾರೆ ಅದು. ಯಾಕ ನೋಡತೀ ಮತ್ತ ಮತ್ತ ಇತ್ತ? ಈಗ 'ಅದು' ಅಂದರೆ ಯಾವುದು? ಹಿಂದಿನ ಸಾಲಿಗೆ ಹೋಗಬೇಕು. ಅಲ್ಲಿ 'ಮುಂದಿನದು' ಇದೆ. ಮುಂದೆ ಆಗೋದನ್ನು ನಾನು ತಡೀಲಾರೆ, ನಿಲ್ಲಿಸಲಾರೆ. ನಮ್ಮ ಮಾತಿನಲ್ಲಿ ತಡಿ ಅಂದರೆ ಸಹಿಸೋದೂ ಹೌದು, ನಿಲ್ಲಿಸೋದೂ ಹೌದು. 'ಅದು' ಕೊನೆಗೆ ಬರೋದೂ ನಮಗೆ ಸಹಜವೇ. "ನಾ ಒಲ್ಲೆ ಅದು", "ನಾ ತಿನ್ನೂದಿಲ್ಲ ಅದು" ಅಂತ ಮನೆಯಲ್ಲಿ ದಿನಾ ಅಂತೀವಿ.

ಒಂದು ಉಸಿರು ಎರಡಕ್ಷರ ಆಚೆ ಸರಿದರೆ ಏನಾಯಿತು ನೋಡಿ. ಮೊದಲ ಓದಿನಲ್ಲಿ ಗಂಡ ತನ್ನ ನೋವು ಹೇಳ್ತಾನೆ. ಎರಡನೆಯದರಲ್ಲಿ ತನ್ನ ಕೈಲಾಗದ್ದನ್ನು ಒಪ್ಪಿಕೊಳ್ತಾನೆ. ಅವಳ ನೋಟ ಬರೀ ದುಃಖದ ನೋಟ ಅಲ್ಲ. ಏನಾದರೂ ಮಾಡು ಅನ್ನುವ ನೋಟ. 'ನೋಡಬ್ಯಾಡ' ಅನ್ನೋದರ ಬಣ್ಣವೇ ಬೇರೆ ಆಗುತ್ತದೆ.

ಇದಕ್ಕೆ ಪದ್ಯದೊಳಗೇ ಸಾಕ್ಷಿ ಉಂಟು. ಬೇರೆ ಕಡೆ "ನಾನು ದೇವರಂತ ತಿಳಿದಿಯೇನ ನೀ ನನ್ನ" ಅಂತ ಕೇಳ್ತಾನೆ. ದೇವರಲ್ಲದವನನ್ನು ದೇವರು ಮಾಡುವ ಕೆಲಸಕ್ಕೆ ಕರೆದಾಗ ಬರುವ ಮಾತು ಅದು. ಇನ್ನೊಂದು ಕಡೆ, ಹನಿ ಒಡೆಯೋಕೆ ಬಂದ ಮೋಡವನ್ನು ಗಾಳಿ ತಡೆದ ಚಿತ್ರ ಬರುತ್ತದೆ. ಅಲ್ಲಿ ತಡೆಯೋದು ಅಂದರೆ ನಿಲ್ಲಿಸೋದೇ.

ನನಗೆ ಎರಡನೇ ಓದು ಒಪ್ಪಿಗೆ. ಆದರೆ ಬೇಂದ್ರೆ ಎರಡನ್ನೂ ಒಂದೇ ಪದದಲ್ಲಿ ಇಟ್ಟಿದ್ದಾರೆ ಅಂತ ಯಾರಾದರೂ ವಾದಿಸಿದರೆ ನಾನು ಜಗಳಕ್ಕೆ ಬರಲ್ಲ.

ಹಾಗಾಗಿ ನಿಮ್ಮ ಕತೆಯ ಅಂಚಿನಲ್ಲಿ ಎರಡೇ ಪದ ಸಾಕು: "ಅದು ಯಾವುದು?" ನನ್ನ ಹತ್ತಿರ ಕಲಿತ ಮಕ್ಕಳು ಹೀಗೇ ಬರೀತಿದ್ದರು, ತಿಳೀದಿದ್ದ ಕಡೆ ಪ್ರಶ್ನೆ ಚಿಹ್ನೆ ಹಾಕಿ.

ಚಹಾಪುಡಿ

ಇದು! ಗಣಪಣ್ಣನ ಬೆರಳಗಲಕ್ಕೂ ಹಿಡಿಸುತ್ತೆ.

ರಾಗಿಮುದ್ದೆ82

ಮಹಾಪ್ರಾಣದ ವಿಷಯ ಒಪ್ಪಿದೆ ಮಾಸ್ತರೇ, ನಲವತ್ತು ವರ್ಷ ದಾರಿಯಲ್ಲೇ ನಿಂತಿದ್ದೆ. ಆದರೆ ಒಂದು ಪ್ರಶ್ನೆ. 'ಮುಂದಿನದು ದೇವರ ಚಿತ್ತ' ಅಂದರೆ ಕೂಸು ಇನ್ನೂ ಜೀವಂತ ಇದೆ ಅಂತ ಆಯ್ತಲ್ಲ? ಹಾಗಾದರೆ ಮಗು ತೀರಿಕೊಂಡಾಗ ಬರೆದದ್ದು ಅನ್ನೋ ಕತೆಯೇ ಸುಳ್ಳಾ? ಎಲ್ಲರೂ ವೇದಿಕೆ ಮೇಲೆ ತಪ್ಪು ಹೇಳ್ತಿದ್ದಾರಾ?

ಕೆಲಗೇರಿಮಾಸ್ತರ

ಅರ್ಧ ಸರಿ. ಪದ್ಯದೊಳಗೆ ಕೂಸಿನ ಉಸಿರು ನಿಂತಿದೆ ಅಂತ ಎಲ್ಲೂ ನೇರವಾಗಿ ಹೇಳಿಲ್ಲ. ಅಷ್ಟು ನಿಮ್ಮ ಮಾತು ಸರಿ. ಆದರೆ ಕವಿ ಬರೆದ ಹೊತ್ತು ಬೇರೆ, ಪದ್ಯದೊಳಗಿನ ಹೊತ್ತು ಬೇರೆ. ಸಾವಾದ ಮೇಲೆ ಕೂತು, ಸಾವಿಗೆ ಮೊದಲಿನ ಒಂದು ಗಳಿಗೆಯನ್ನು ಬರೆಯಬಹುದು. ಬೇಂದ್ರೆಯವರು ಮಕ್ಕಳನ್ನು ಕಳಕೊಂಡವರು. ಅದು ಸುಳ್ಳಲ್ಲ. ನಿರೂಪಕರು ಹೇಳೋದೂ ಸುಳ್ಳಲ್ಲ. ಅವರು ಅಷ್ಟಕ್ಕೇ ಪದ್ಯ ಮುಗೀತು ಅಂತ ತಿಳಿಯೋದು ಮಾತ್ರ ನನಗೆ ಸರಿ ಬರಲ್ಲ.

ಬಿಳಿಚಪ್ಪಲಿ

ನಾನು ಇಲ್ಲಿ ಬರೀ ಓದೋಳು, ಬರೆಯೋಳಲ್ಲ. ಆದರೆ ಇದಕ್ಕೆ ಬರೆಯಬೇಕು ಅನ್ನಿಸ್ತು. ಮಕ್ಕಳ ವಾರ್ಡಿನಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದೆ.

ಮಾಸ್ತರು ಹೇಳಿದ ನೋಟ ನಾನು ನೋಡಿದ್ದೇನೆ. ಡಾಕ್ಟರ್ ಬಂದು ಹೇಳೋಕೆ ಮೊದಲೇ ತಾಯಿಗೆ ಗೊತ್ತಾಗಿರುತ್ತೆ. ಆಗ ಅವಳು ಡಾಕ್ಟರನ್ನು ನೋಡಲ್ಲ, ನಮ್ಮನ್ನೂ ನೋಡಲ್ಲ. ಗಂಡನನ್ನು ನೋಡ್ತಾಳೆ. ಆ ಗಂಡಸು ನೆಲ ನೋಡ್ತಾನೆ, ಇಲ್ಲ ಕಿಟಕಿ ನೋಡ್ತಾನೆ. "ಬಿಲ್ ಕಟ್ಟಿ ಬರ್ತೀನಿ" ಅಂತ ಆಚೆ ಹೋಗಿಬಿಡೋರೂ ಇದ್ದಾರೆ.

ಆದರೂ ನನಗೆ ಕೂಸು ಹೋಗಿದೆ ಅಂತಲೇ ಅನ್ನಿಸುತ್ತೆ, ಮಾಸ್ತರೇ. 'ಮಲಗಿರಲಿ ಅಲ್ಲೆ' ಅನ್ನೋ ಮಾತಿಗೆ. ಉಸಿರಾಡ್ತಿರೋ ಮಗುವನ್ನು ಯಾರೂ ಅಲ್ಲೇ ಇರಲಿ ಬಿಡು ಅನ್ನಲ್ಲ. ಎತ್ತಿಕೋ ಅಂತಾರೆ, ಹಾಲು ಕೊಡು ಅಂತಾರೆ, ಮೈ ಮುಟ್ಟಿ ನೋಡು ಅಂತಾರೆ. ಹೋದ ಮಗುವನ್ನು ತಾಯಿ ಮತ್ತೆ ಮತ್ತೆ ಎತ್ತಿಕೊಳ್ಳೋಕೆ ಹೋಗ್ತಾಳೆ. ಆಗ ಮನೆಯವರು ಹೇಳೋ ಮಾತು ಅದು. ಮಲಗಿದೆ, ಮಲಗಿರಲಿ.

ಕೆಲಗೇರಿಮಾಸ್ತರ

ತಾಯಿ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. 'ಮುಂದಿನದು' ಅಂದರೆ ಮಣ್ಣಿಗೆ ಕಳಿಸೋದು, ಆಮೇಲಿನ ಬಾಳು ಅಂತಲೂ ಓದಬಹುದು. ಹುಣ್ಣಿಮೆ ಚಂದ್ರನ 'ಹೆಣ' ಹಗಲಲ್ಲಿ ಮುಗಿಲಿನಲ್ಲಿ ತೇಲಿ ಬಂತು ಅನ್ನುವ ಮಾತೂ ಇದೆ. ಅದು ಅವಳ ಮುಖಕ್ಕೆ ಹೇಳಿದ್ದು, ಆದರೆ ಆ ಪದ ಸುಮ್ನೆ ಬರಲಿಲ್ಲ. ನಾನು 'ಅದು' ಹಿಡಿದೆ. ನೀವು 'ಅಲ್ಲೆ' ಹಿಡಿದಿರಿ.

ಸಂಜೆಬಸ್ಸು

ನಾನು ಈ ಹಾಡನ್ನು ನನ್ನ ಮದುವೆ ವಿಡಿಯೋಗೆ ಹಾಕಿಸಿದ್ದೆ. ಈಗ ಹೆಂಡತಿಗೆ ಈ ಚರ್ಚೆ ತೋರಿಸಲೋ ಬೇಡವೋ ಯೋಚನೆ ಮಾಡ್ತಿದ್ದೇನೆ.

ಚಹಾಪುಡಿ

ತೋರಿಸಬೇಡಿ.

ಮೂಲೆಮನೆ

ಎರಡು ದಿನ ಇಲ್ಲಿ ಬರಲಿಲ್ಲ, ಕ್ಷಮಿಸಿ. ಕೂತು ಮತ್ತೆ ಬರೆದೆ. ನಲವತ್ತು ರೂಪಾಯಿಯವರೆಗೆ ಹಾಗೇ ಇದೆ. ಆಮೇಲಿಂದ ಎಲ್ಲ ಬೇರೆ. ಚೈತ್ರಾಗೆ ಮಗುವಿನ ವಿಷಯ ಮೊದಲೇ ಗೊತ್ತು, ಹಾಗೆ ಮಾಡಿದ್ದೇನೆ. ಗುಟ್ಟು ಬಯಲು ಮಾಡುವ ಕೆಲಸದಿಂದ ಟಿಪ್ಪಣಿಗೆ ಬಿಡುಗಡೆ ಸಿಕ್ಕಿತು.

ಹೊಸ ಭಾಗ:

ಸೆಮಿನಾರಿಗೆ ನಾಲ್ಕು ಪುಟ ಆಗಲೇ ಬರೆದಿಟ್ಟಿದ್ದಳು. ಮೊದಲ ಸಾಲು: "ಸಂದರ್ಭ: ಕವಿಯ ಮಗುವಿನ ಮರಣ." ಅದನ್ನು ಕ್ಲಾಸಿನಲ್ಲಿ ಎಲ್ಲರೂ ಬರೆದುಕೊಂಡಿದ್ದರು. ಕಾಲೇಜ್ ಡೇ ದಿನ ಅವಳು ಹಾಡುವ ಮೊದಲು ಅದನ್ನು ಮೈಕಿನಲ್ಲಿ ಹೇಳಿಯೂ ಇದ್ದಳು. ಹೇಳಿ, ಮೂರನೇ ಸಾಲಿನಲ್ಲಿ ಕೂತವನನ್ನು ನೋಡಿಕೊಂಡು ಹಾಡಿದ್ದಳು. ಎರಡೂ ಒಟ್ಟಿಗೆ ಹೇಗೆ ಆಯಿತು ಅಂತ ಅವಳಿಗೆ ಆಗ ಅನ್ನಿಸಿರಲಿಲ್ಲ.

ಪುಸ್ತಕದಲ್ಲಿ ಒಂದು ಸಾಲಿನ ಪಕ್ಕ ಏನೋ ಇದ್ದ ಹಾಗಿತ್ತು. ಕೊಳೆ ಅಂದುಕೊಂಡಳು. ಪುಟ ಓರೆ ಮಾಡಿದಾಗ ಟ್ಯೂಬ್‌ಲೈಟಿಗೆ ಮಿಂಚಿತು. ಪೆನ್ಸಿಲ್.

"ಅದು ಯಾವು"

ಅಷ್ಟೇ. ಮುಂದಿನ ಅಕ್ಷರ ಇರಬೇಕಾದ ಕಡೆ ಹಾಳೆ ಮುಗಿದಿತ್ತು. ಬೈಂಡ್ ಮಾಡಿದವನು ಕತ್ತರಿಸಿದ್ದ.

ಯಾವುದು, ಯಾವುದೋ, ಯಾವುದೂ. ಚೈತ್ರಾ ಮೂರನ್ನೂ ಸೇರಿಸಿ ನೋಡಿದಳು. ಆಮೇಲೆ ಸಾಲು ಓದಿದಳು. ನಾ ತಡೀಲಾರೆ ಅದು. ಇಷ್ಟು ವರ್ಷ ಹಾಡಿದ್ದಳು, ಅಲ್ಲಿ ಒಂದು 'ಅದು' ಇದೆ ಅಂತ ಗಮನಿಸಿರಲಿಲ್ಲ. ಅವಳ ಬಾಯಲ್ಲಿ ಅದು ಮುಂದಿನ 'ಯಾಕ'ಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಅದ್ಯಾಕ.

ಕಾರಿಡಾರಿಗೆ ಹೋಗಿ ಮೆಲ್ಲಗೆ ಹಾಡಿದಳು. 'ಅದು' ಆದ ಮೇಲೆ ನಿಲ್ಲಿಸಿದಳು. ಇನ್ನೊಂದು ಸಲ. ಬಟ್ಟೆ ಒಣಹಾಕುತ್ತಿದ್ದ ರೂಮ್‌ಮೇಟ್ ಕೇಳಿದಳು, "ಯಾಕೆ, ಮರೆತುಹೋಯ್ತಾ?"

ಸೋಮವಾರ ಸೆಮಿನಾರ್ ಮುಗಿಯಿತು. ಹತ್ತರಲ್ಲಿ ಏಳು ಬಂತು. ಸಂದರ್ಭ ಬರೆದಿಲ್ಲ ಅಂತ ಮೇಡಂ ಮೂರು ಕಳೆದಿದ್ದರು.

ಮುಂದಿನ ತಿಂಗಳು ಮತ್ತೆ ಕಾರ್ಯಕ್ರಮ ಇತ್ತು. ಪ್ರಾಕ್ಟೀಸಿಗೆ ತಬಲಾ ಹುಡುಗ ಬಂದಿದ್ದ. ಅವಳು ಆ ಸಾಲಿಗೆ ಬಂದು 'ಅದು' ಹೇಳಿ ನಿಂತಳು. ತಬಲಾ ಒಂದು ಪೆಟ್ಟು ಮುಂದೆ ಹೋಗಿ ತಡವರಿಸಿತು.

"ಅಲ್ಲಿ ಉಸಿರು ತಗೋಬೇಡ. ತಾಳ ತಪ್ಪುತ್ತೆ."

"ಗೊತ್ತು" ಅಂದಳು.

ಮೊದಲಿಂದ ಶುರು ಮಾಡಿದರು. ಅವಳು ಮತ್ತೆ ಅಲ್ಲೇ ನಿಂತಳು.

ಚಹಾಪುಡಿ

ಏಳು ಮಾರ್ಕ್ಸ್ ಅದ್ಭುತ. ತಬಲಾ ಹುಡುಗನನ್ನು ನಂಬಿದೆ. ನನಗೆ ಒಂದು ಅನುಮಾನ ಇದೆ. ಓದುಗರಿಗೆ 'ಅದು' ಎಲ್ಲಿಗೆ ಸೇರುತ್ತೆ ಅಂತ ನೀವು ಹೇಳಿಯೇ ಇಲ್ಲ. ಈ ಚರ್ಚೆ ಓದದವರಿಗೆ ಅರ್ಥ ಆಗುತ್ತಾ? ಹಿಂದಿನ ಸಾಲನ್ನಾದರೂ ಕತೆಯೊಳಗೆ ತನ್ನಿ. 'ಮುಂದಿನದು' ಕಣ್ಣಿಗೆ ಬೀಳದೆ 'ಅದು' ಕೆಲಸ ಮಾಡಲ್ಲ.

ಮೂಲೆಮನೆ

ನಿಜ. ತರ್ತೇನೆ. ಕಾರಿಡಾರಿನಲ್ಲಿ ಅವಳು ಒಂದು ಸಾಲು ಹಿಂದಿನಿಂದ ಹಾಡಲಿ, ಸಾಕು ಅಲ್ವಾ? ವಿವರಿಸೋಕೆ ಮಾತ್ರ ಹೋಗಲ್ಲ.

ಕೆಲಗೇರಿಮಾಸ್ತರ

ಸಾಕು. ಒಂದು ಸಣ್ಣ ಮಾತು. ಟಿಪ್ಪಣಿ ಬರೆದವರು ಯಾರು ಅಂತ ಬರೆಯಲಿಲ್ಲ, ಒಳ್ಳೇದು ಮಾಡಿದಿರಿ. ಮೊದಲ ಸಲದಲ್ಲಿ ಅವರಿಗೂ ಒಂದು ಮಗು ಕೊಟ್ಟು ಕೊಂದಿದ್ದಿರಿ. ನನಗೆ ಅದೇ ಜಾಸ್ತಿ ಬೇಸರ ಆಗಿದ್ದು.

ಗುಜರಿಗಣಪ

ಕಟಿಂಗ್ ಬಳಸಿದ್ದಕ್ಕೆ ಥ್ಯಾಂಕ್ಸ್ ಮೇಡಂ. ತಕರಾರು ಒಂದೇ. ಬೇಂದ್ರೆಯವರದ್ದು, ಲೈಬ್ರರಿ ಬೈಂಡಿಂಗ್, ಹಳೇ ಮುದ್ರಣ. ನಲವತ್ತಕ್ಕೆ ಯಾರೂ ಕೊಡಲ್ಲ. ನಮ್ಮ ಜನಕ್ಕೆ ಅಷ್ಟೂ ತಿಳಿಯಲ್ಲ ಅಂತ ಓದುಗರು ಅಂದುಕೊಳ್ಳೋದು ಬೇಡ. ನೂರ ಇಪ್ಪತ್ತು ಮಾಡಿ, ಬೇಕಾದರೆ ಮಸಾಲೆ ಪುರಿ ತೆಗೀರಿ.

ಮೂಲೆಮನೆ

ಮಸಾಲೆ ಪುರಿ ತೆಗೆಯಲ್ಲ.

ಬಿಳಿಚಪ್ಪಲಿ

ನನಗೆ 'ಅಲ್ಲೆ' ಪಕ್ಕದಲ್ಲೂ ಯಾರೋ ಒಂದು ಗೆರೆ ಎಳೆದಿರಬೇಕಿತ್ತು ಅನ್ನಿಸ್ತು. ಆದರೆ ಕತೆ ನಿಮ್ಮದು.

ರಾಗಿಮುದ್ದೆ82

ನಮ್ಮ ಆಫೀಸಿನಲ್ಲಿ ಹುಬ್ಬಳ್ಳಿಯ ಒಬ್ಬರು ಅಕ್ಕ ಇದ್ದಾರೆ. ಇವತ್ತು ಊಟದ ಹೊತ್ತಿಗೆ ಅವರಿಗೆ ಆ ಎರಡು ಸಾಲು ಬರೆದುಕೊಟ್ಟು ಓದಿ ಅಂದೆ. ಯಾಕೆ ಅಂತ ಹೇಳಲಿಲ್ಲ. ಮೊದಲ ಸಲ 'ತಡೀಲಾರೆ' ಆದ ಮೇಲೆ ನಿಲ್ಲಿಸಿದರು. ನಾನು ಏನೂ ಅನ್ನಲಿಲ್ಲ. ಅವರೇ "ತಡೀರಿ, ಇನ್ನೊಮ್ಮೆ ಓದತೇನಿ" ಅಂದರು. ಎರಡನೇ ಸಲ 'ಅದು' ಆದ ಮೇಲೆ ನಿಲ್ಲಿಸಿದರು. ಆಮೇಲೆ ಚೀಟಿ ನನಗೆ ವಾಪಸ್ ಕೊಡದೆ ಡಬ್ಬಿಯ ಮುಚ್ಚಳದ ಕೆಳಗೆ ಇಟ್ಟುಕೊಂಡರು.